‘ವಾಟರ್‌ಪ್ರೂಫ್’ ಅಂತ ಯಾವಾಗ ಬರೆಯಬಹುದು?

ಪ್ರಶ್ನೆ: ನಾನು ಆನ್‌ಲೈನ್‌ನಲ್ಲಿ ರೇನ್‌ಕೋಟ್, ಬ್ಯಾಗು, ವಾಚು ಮಾರುತ್ತೇನೆ. ವಿವರಣೆ ಬರೆಯುವುದೂ ನಾನೇ. ಸಪ್ಲೈಯರ್ ಕಳಿಸುವ ಹಾಳೆಯಲ್ಲಿ ಎಲ್ಲದಕ್ಕೂ ‘ವಾಟರ್‌ಪ್ರೂಫ್’ ಅಂತಲೇ ಇರುತ್ತದೆ. ಅದನ್ನೇ ಹಾಕಿದರೆ ‘ಒಳಗೆ ನೀರು ಬಂತು’ ಅಂತ ಮಾಲು ವಾಪಸ್ ಬರುತ್ತದೆ. ‘ವಾಟರ್ ರೆಸಿಸ್ಟೆಂಟ್’ ಅಂತ ಹಾಕಿದರೆ ಜನ ನೋಡದೆ ಮುಂದಕ್ಕೆ ಹೋಗುತ್ತಾರೆ. ಗೆರೆ ಎಲ್ಲಿ ಎಳೆಯಬೇಕು?

ಉತ್ತರ: ಸಪ್ಲೈಯರ್ ಹಾಳೆ ಸುಳ್ಳು ಹೇಳುತ್ತಿದೆ ಅಂತಲೇ ಅಲ್ಲ. ಹೆಚ್ಚಿನ ಸಲ ಅದು ಬಟ್ಟೆಯ ಬಗ್ಗೆ ನಿಜ ಹೇಳುತ್ತಿರುತ್ತದೆ. ನೀವು ಮಾರುವುದು ಬಟ್ಟೆಯನ್ನಲ್ಲ, ಹೊಲಿದು ಜಿಪ್ ಹಾಕಿದ ಬ್ಯಾಗನ್ನು. ನೀರು ಒಳಗೆ ಬರುವುದು ಬಟ್ಟೆಯ ನಡುವಿನಿಂದಲ್ಲ, ಹೊಲಿಗೆಯ ತೂತಿನಿಂದ ಮತ್ತು ಜಿಪ್ಪಿನ ತುದಿಯಿಂದ. ಹಾಗಾಗಿ ಗೆರೆ ಎಳೆಯಬೇಕಾದ ಜಾಗ ಇದು: ಇಡೀ ವಸ್ತುವಿನಲ್ಲಿ ಎಲ್ಲಕ್ಕಿಂತ ಬಡವಾದ ಜಾಗ ಎಷ್ಟು ನೀರು ತಡೆಯುತ್ತದೋ, ವಿವರಣೆ ಅಷ್ಟನ್ನೇ ಹೇಳಬೇಕು.

ನಿಮ್ಮ ಮೂರು ಸಾಮಾನುಗಳಲ್ಲಿ ಜಾಸ್ತಿ ಎಡವಟ್ಟಾಗುವುದು ಬ್ಯಾಗಿನಲ್ಲಿ. ಅದನ್ನೇ ಒಂದು ಉದಾಹರಣೆಯಾಗಿ ಪೂರ್ತಿ ನೋಡೋಣ. ಆಮೇಲೆ ರೇನ್‌ಕೋಟು ಮತ್ತು ವಾಚು ಸುಲಭವಾಗುತ್ತವೆ.

ಲ್ಯಾಪ್‌ಟಾಪ್ ಇಡುವ ಒಂದು ಬೆನ್ನುಚೀಲ ಬಂದಿದೆ ಅಂದುಕೊಳ್ಳಿ. ಹಾಳೆಯಲ್ಲಿ ಹೀಗಿದೆ: ಪಾಲಿಯೆಸ್ಟರ್ ಬಟ್ಟೆ, ಒಳಗಡೆ ಪಿಯು ಕೋಟಿಂಗ್, 3000 ಎಂಎಂ, ವಾಟರ್‌ಪ್ರೂಫ್ ಜಿಪ್. ಈ 3000 ಎಂಎಂ ಎಲ್ಲಿಂದ ಬಂತು? ಲ್ಯಾಬಿನಲ್ಲಿ ಬಟ್ಟೆಯ ಒಂದು ತುಂಡನ್ನು ಬಿಗಿಯಾಗಿ ಹಿಡಿದು, ಒಂದು ಕಡೆಯಿಂದ ನೀರಿನ ಒತ್ತಡ ನಿಧಾನವಾಗಿ ಏರಿಸುತ್ತಾರೆ. ಇನ್ನೊಂದು ಕಡೆ ಮೂರು ಜಾಗದಲ್ಲಿ ಹನಿ ಕಾಣಿಸಿದಾಗ ನಿಲ್ಲಿಸಿ ಅಂಕಿ ಬರೆಯುತ್ತಾರೆ. ಐಎಸ್‌ಒ 811 ಅನ್ನುವ ಪರೀಕ್ಷೆ ಇದು. 3000 ಎಂಎಂ ಅಂದರೆ ಆ ಬಟ್ಟೆಯ ಮೇಲೆ ಮೂರು ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಅದು ತಡೆಯುತ್ತದೆ ಅಂತ. ಬಟ್ಟೆಗೆ ಒಳ್ಳೆಯ ಅಂಕಿಯೇ. ಆದರೆ ಆ ತುಂಡಿನಲ್ಲಿ ಒಂದೂ ಹೊಲಿಗೆ ಇರಲಿಲ್ಲ, ಜಿಪ್ಪಂತೂ ಇರಲೇ ಇಲ್ಲ.

ಈಗ ಬ್ಯಾಗನ್ನು ಒಳಮೈ ಹೊರಗೆ ಮಾಡಿ ತಿರುಗಿಸಿ. ಹೊಲಿಗೆಯ ಮೇಲೆ ಏನಿದೆ ನೋಡಿ. ಬಟ್ಟೆಯ ಅಂಚು ಬಿಚ್ಚಿಕೊಳ್ಳದಿರಲಿ ಅಂತ ಮಡಚಿ ಹೊಲಿದ ಪಟ್ಟಿ ಇದ್ದರೆ ಅದು ಅಂದಕ್ಕೆ ಮತ್ತು ಗಟ್ಟಿತನಕ್ಕೆ ಮಾತ್ರ. ನೀರಿಗೂ ಅದಕ್ಕೂ ಸಂಬಂಧವಿಲ್ಲ. ತುಂಬಾ ಮಂದಿ ಅದನ್ನೇ ಸೀಮ್ ಟೇಪ್ ಅಂದುಕೊಳ್ಳುತ್ತಾರೆ. ನಿಜವಾದ ಸೀಮ್ ಟೇಪ್ ಹೊಲಿಗೆಯ ತೂತು ಮುಚ್ಚಲು ಬಿಸಿ ಮಾಡಿ ಅಂಟಿಸಿದ್ದು. ಪಾರದರ್ಶಕವಾಗಿಯೋ ಬೂದು ಬಣ್ಣದಲ್ಲೋ ಇರುತ್ತದೆ, ಉಗುರಿನಿಂದ ಎಬ್ಬಿಸಲು ನೋಡಿದರೂ ಏಳುವುದಿಲ್ಲ, ಅದರ ಮೇಲೆ ಹೊಲಿಗೆಯ ದಾರ ಕಾಣುವುದಿಲ್ಲ. ಟೇಪಿನ ಮೇಲೆಯೇ ದಾರ ಹಾದಿದ್ದರೆ ಅಲ್ಲಿ ತೂತಿದೆ.

ಆಮೇಲೆ ಹೆಗಲು ಪಟ್ಟಿ ಬ್ಯಾಗಿಗೆ ಸೇರುವ ಜಾಗ. ಭಾರ ತಡೆಯಲಿ ಅಂತ ಅಲ್ಲಿ ನಾಲ್ಕಾರು ಸಾಲು ಹೊಲಿಗೆ ಹಾಕಿರುತ್ತಾರೆ. ಸೂಜಿ ಎಷ್ಟು ಸಲ ಇಳಿದಿದೆಯೋ ಅಷ್ಟು ತೂತು. ಜೊತೆಗೆ ಬೆನ್ನಿನ ಕಡೆಯ ಸ್ಪಂಜು ನೀರು ಹೀರಿಕೊಂಡು ಆ ತೂತುಗಳ ಪಕ್ಕದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಮಳೆ ನಿಂತ ಮೇಲೂ ಅದು ನಿಧಾನವಾಗಿ ಒಳಕ್ಕೆ ಜಿನುಗುತ್ತಿರುತ್ತದೆ. ‘ಮನೆಗೆ ಬಂದಾಗ ಸರಿ ಇತ್ತು, ಬೆಳಿಗ್ಗೆ ನೋಡಿದರೆ ಒದ್ದೆ’ ಅನ್ನುವ ದೂರಿನ ಹಿಂದೆ ಇದು ಇರಬಹುದು.

ಇನ್ನು ಜಿಪ್ಪು. ಮೇಲೆ ರಬ್ಬರಿನಂಥ ಪದರ ಇರುವ, ಹಲ್ಲು ಕಾಣದ ಜಿಪ್ಪನ್ನು ಸಲೀಸಾಗಿ ‘ವಾಟರ್‌ಪ್ರೂಫ್ ಜಿಪ್’ ಅಂತ ಕರೆಯುತ್ತಾರೆ. ಅದರ ಎರಡು ಪದರಗಳು ನಡುವೆ ಕೂಡಿಕೊಳ್ಳುತ್ತವೆ ಅಷ್ಟೇ, ಒತ್ತಿ ಮುಚ್ಚಿಕೊಳ್ಳುವುದಿಲ್ಲ. ತುಂತುರಿಗೆ ಸಾಕು. ಬ್ಯಾಗು ತುಂಬಿ ಉಬ್ಬಿದರೆ, ಇಲ್ಲವೇ ತಿರುವಿನಲ್ಲಿ ಎಳೆದಂತಾದರೆ ಆ ನಡುಗೆರೆ ಸ್ವಲ್ಪ ಬಾಯಿ ಬಿಡುತ್ತದೆ. ಜಿಪ್ಪಿನ ತಲೆ ಬಂದು ನಿಲ್ಲುವ ಕೊನೆಯಲ್ಲಿ ಪದರ ಇರುವುದೇ ಇಲ್ಲ, ಸಣ್ಣ ಕಿಂಡಿ ಇರುತ್ತದೆ. ನಿಜವಾಗಿ ನೀರು ಬಿಡದ ಜಿಪ್ಪುಗಳೂ ಇವೆ. ನೀರಿನಾಳಕ್ಕೆ ಇಳಿಯುವ ಡೈವರ್‌ಗಳ ಉಡುಪಿನಲ್ಲಿ ಬರುವಂಥವು. ಅವು ದಪ್ಪ, ಬಿಗಿ, ಎಳೆಯಲು ಜೋರು ಬೇಕು, ಬೆಲೆಯೂ ಜಾಸ್ತಿ. ಒಂದೇ ಬೆರಳಿನಲ್ಲಿ ಸಲೀಸಾಗಿ ಓಡುವ ಜಿಪ್ಪಾದರೆ ಅದು ಈ ಜಾತಿಯದಲ್ಲ ಅಂತ ತಿಳಿಯಿರಿ.

ಇಷ್ಟು ನೋಡಿದ ಮೇಲೆ ಒಂದು ಪರೀಕ್ಷೆ ಮಾಡಿ. ಬ್ಯಾಗಿನೊಳಗೆ ಒಣ ಟಿಶ್ಯೂ ಕಾಗದ ಇಡಿ: ಜಿಪ್ಪಿನ ಕೆಳಗೆ, ಹೆಗಲು ಪಟ್ಟಿಯ ಬುಡದ ಒಳಗಡೆ, ಪಕ್ಕದ ಹೊಲಿಗೆಯ ಹತ್ತಿರ, ತಳದಲ್ಲಿ. ನಡುವೆ ಪತ್ರಿಕೆ ತುರುಕಿ, ಬ್ಯಾಗು ಬಳಸುವಾಗ ಇರುವಷ್ಟೇ ಉಬ್ಬಿರಲಿ. ಖಾಲಿ ಬ್ಯಾಗು ಪರೀಕ್ಷಿಸಿದರೆ ಜಿಪ್ಪಿಗೆ ಎಳೆತವೇ ಬೀಳುವುದಿಲ್ಲ, ಫಲಿತಾಂಶ ಸುಮ್ನೆ ಚೆನ್ನಾಗಿ ಬರುತ್ತದೆ. ಬ್ಯಾಗನ್ನು ನೇತುಹಾಕಿ ಶವರ್ ಕೆಳಗೆ ಹತ್ತು ನಿಮಿಷ ಬಿಡಿ, ನಡುನಡುವೆ ತಿರುಗಿಸಿ. ಹೊರಗೆ ಒರೆಸಿ, ತೆರೆದು ನೋಡಿ. ಟಿಶ್ಯೂ ಬದಲಿಸಿ ಮತ್ತೆ ಅರ್ಧ ಗಂಟೆ ಬಿಡಿ. ಕೊನೆಗೆ ಎರಡು ಸೆಂಟಿಮೀಟರ್ ನೀರು ನಿಂತ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿಸಿ. ನೆಲದ ಮೇಲೆ ಇಟ್ಟ ಬ್ಯಾಗಿಗೆ ಆಗುವುದು ಇದೇ ಅಲ್ವಾ?

ನಮ್ಮ ಈ ಬ್ಯಾಗಿನಂಥದ್ದು ಸಾಧಾರಣವಾಗಿ ಹೀಗೆ ನಡೆದುಕೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಜಿಪ್ಪಿನ ತುದಿಯ ಟಿಶ್ಯೂ ಮೇಲೆ ಒಂದು ಸಣ್ಣ ಕಲೆ, ಬೇರೆಲ್ಲ ಒಣಗಿರುತ್ತದೆ. ಅರ್ಧ ಗಂಟೆಯಲ್ಲಿ ಪಟ್ಟಿಯ ಬುಡ ಮತ್ತು ಮೇಲಿನ ಹೊಲಿಗೆ ಒದ್ದೆ. ಟಬ್ಬಿನಲ್ಲಿ ತಳದ ಹೊಲಿಗೆಯಿಂದ ನೀರು ಒಸರುತ್ತದೆ. ಬಟ್ಟೆಯ ನಡುಭಾಗ ಮಾತ್ರ ಮೂರೂ ಸಲ ಒಣಗಿಯೇ ಇರುತ್ತದೆ. 3000 ಎಂಎಂ ಸುಳ್ಳಲ್ಲ. ಆದರೂ ಇದು ವಾಟರ್‌ಪ್ರೂಫ್ ಬ್ಯಾಗಲ್ಲ.

ಹಾಗಾದರೆ ಏನು ಬರೆಯುವುದು? ‘ವಾಟರ್ ರೆಸಿಸ್ಟೆಂಟ್’ ಅಂತ ಒಂದೇ ಮಾತು ಬರೆದು ಬಿಟ್ಟರೆ ನೀವೇ ಹೇಳಿದಂತೆ ಜನ ಮುಂದಕ್ಕೆ ಹೋಗುತ್ತಾರೆ. ಹೋಗುವುದು ಆ ಮಾತು ಸಣ್ಣದಾಯಿತು ಅಂತ ಅಲ್ಲ, ಅದರಿಂದ ಏನೂ ತಿಳಿಯುವುದಿಲ್ಲ ಅಂತ. ನಾನಾಗಿದ್ದರೆ ಹೀಗೆ ಬರೆಯುತ್ತೇನೆ: ‘ವಾಟರ್ ರೆಸಿಸ್ಟೆಂಟ್ ಬೆನ್ನುಚೀಲ. ತುಂತುರು ಮಳೆಯಲ್ಲಿ, ಬಸ್ಸಿನಿಂದ ಇಳಿದು ಸ್ವಲ್ಪ ದೂರ ನಡೆಯುವಷ್ಟು ಹೊತ್ತು ಒಳಗಿನ ಸಾಮಾನನ್ನು ಕಾಪಾಡುತ್ತದೆ. ಬಟ್ಟೆಯ ಒಳಗೆ ನೀರು ತಡೆಯುವ ಕೋಟಿಂಗ್ ಇದೆ (ಬಟ್ಟೆಯ ಪರೀಕ್ಷೆ: 3000 ಎಂಎಂ). ಹೊಲಿಗೆಗಳಿಗೆ ಟೇಪ್ ಇಲ್ಲ. ಜೋರು ಮಳೆಯಲ್ಲಿ ಹೊತ್ತು ತಿರುಗುವುದಾದರೆ ರೇನ್ ಕವರ್ ಹಾಕಿ. ನಿಂತ ನೀರಿನಲ್ಲಿ ಇಡಬೇಡಿ.’

‘ಹೊಲಿಗೆಗಳಿಗೆ ಟೇಪ್ ಇಲ್ಲ’ ಅಂತ ನಾವೇ ಯಾಕೆ ಹೇಳಿಕೊಳ್ಳಬೇಕು ಅಂತ ಅನ್ನಿಸಬಹುದು. ಆ ಒಂದು ಸಾಲು ತಪ್ಪು ಗಿರಾಕಿಯನ್ನು ಮೊದಲೇ ತಡೆಯುತ್ತದೆ. ದಿನಾ ಮಳೆಯಲ್ಲಿ ಒಂದು ಗಂಟೆ ಬೈಕ್ ಓಡಿಸುವವರು ಈ ಬ್ಯಾಗು ಕೊಳ್ಳಲೇಬಾರದು. ಅವರು ಕೊಂಡರೆ ವಾಪಸ್ ಬರುವುದು ಬ್ಯಾಗು ಮಾತ್ರವಲ್ಲ, ಹಾಳಾದ ಲ್ಯಾಪ್‌ಟಾಪಿನ ಜಗಳವೂ ಬರುತ್ತದೆ. ಹಾಗೆಯೇ 3000 ಎಂಎಂ ಪಕ್ಕದಲ್ಲಿ ‘ಬಟ್ಟೆಯ ಪರೀಕ್ಷೆ’ ಅನ್ನುವುದನ್ನು ಬಿಡಬೇಡಿ. ಅಂಕಿಯನ್ನು ಒಂಟಿಯಾಗಿ ಬಿಟ್ಟರೆ ಓದುವವರು ಅದನ್ನು ಇಡೀ ಬ್ಯಾಗಿಗೆ ಅಂಟಿಸಿಕೊಳ್ಳುತ್ತಾರೆ. ಪದ ‘ರೆಸಿಸ್ಟೆಂಟ್’ ಅಂದರೂ ಅಂಕಿ ‘ಪ್ರೂಫ್’ ಅಂದಂತೆ ಆಗುತ್ತದೆ.

ಬ್ಯಾಗಿನಲ್ಲಿ ‘ವಾಟರ್‌ಪ್ರೂಫ್’ ಪದ ನಾನು ಒಪ್ಪುವುದು ಒಂದೇ ಬಗೆಯಲ್ಲಿ. ಹೊಲಿಗೆಯೇ ಇಲ್ಲದೆ ಬಿಸಿಯಿಂದ ಬೆಸೆದ ಜೋಡಣೆ, ಬಾಯಿ ಸುರುಳಿ ಸುತ್ತಿ ಕೊಂಡಿ ಹಾಕುವಂಥದ್ದು. ಅಲ್ಲೂ ಒಂದು ಷರತ್ತು ಇದೆ: ಬಾಯಿಯನ್ನು ಕನಿಷ್ಠ ಮೂರು ಸುತ್ತು ಸುತ್ತಬೇಕು. ತುಂಬಾ ತುರುಕಿ ಒಂದೇ ಸುತ್ತು ಸುತ್ತಿದರೆ ನೀರು ಒಳಗೆ ಬರುತ್ತದೆ. ಹೇಳಿಕೆ ನಿಜವಾಗುವುದು ಕೊಂಡವರ ಕೈಯಲ್ಲಿರುವುದರಿಂದ ಆ ಷರತ್ತು ಶೀರ್ಷಿಕೆಯ ಹತ್ತಿರವೇ ಇರಬೇಕು, ಕೊನೆಯ ಸಾಲಿನಲ್ಲಲ್ಲ.

ಇಂಥ ಬ್ಯಾಗುಗಳ ಮೇಲೆ ‘ಐಪಿಎಕ್ಸ್7’ ಅನ್ನುವ ಗುರುತು ಕಾಣಬಹುದು. ಇದು ಮೂಲದಲ್ಲಿ ವಿದ್ಯುತ್ ಉಪಕರಣಗಳ ಹೊದಿಕೆಗಾಗಿ ಮಾಡಿದ ಐಇಸಿ 60529 ಅನ್ನುವ ಮಾನದಂಡದ್ದು. 7 ಅಂದರೆ ಒಂದು ಮೀಟರ್ ನಿಂತ ನೀರಿನಲ್ಲಿ 30 ನಿಮಿಷ. ಮೀನು ಹಿಡಿಯುವ ದೋಣಿಯಲ್ಲಿ ಬ್ಯಾಗು ಒಮ್ಮೆ ನೀರಿಗೆ ಬಿದ್ದರೆ ಸರಿ. ಆದರೆ 7 ಬಂದರೆ 5, 6 ತಾನಾಗಿ ಬಂದಂತಲ್ಲ. 5 ಮತ್ತು 6 ಪೈಪಿನಿಂದ ಜೋರಾಗಿ ಹೊಡೆಯುವ ನೀರಿನ ಪರೀಕ್ಷೆ. ಮುಳುಗಿಸಿದಾಗ ಬಿಡದ ಅಂಚು ಎರಚಲಿಗೆ ಬಿಡಬಹುದು. ಹಾಳೆಯಲ್ಲಿ 7 ಮಾತ್ರ ಇದ್ದರೆ ‘ಎಲ್ಲ ಬಗೆಯ ನೀರಿಗೂ’ ಅಂತ ಬರೆಯಬೇಡಿ.

ರೇನ್‌ಕೋಟಿಗೆ ಬರೋಣ. ಇಲ್ಲಿ ‘ವಾಟರ್‌ಪ್ರೂಫ್’ ಬರೆಯಲು ಸಾಧ್ಯವಿದೆ, ಆದರೆ ಮೂರು ಸಂಗತಿ ಒಟ್ಟಿಗೆ ಇರಬೇಕು: ಕೋಟಿಂಗ್ ಅಥವಾ ಪೊರೆ ಇರುವ ಬಟ್ಟೆ, ಎಲ್ಲ ಹೊಲಿಗೆಗಳಿಗೂ ಟೇಪ್, ಜಿಪ್ಪಿನ ಮೇಲೆ ಮುಚ್ಚುಪಟ್ಟಿ. ‘ಎಲ್ಲ ಹೊಲಿಗೆಗಳಿಗೂ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಕೆಲವು ಕೋಟುಗಳಲ್ಲಿ ಭುಜ ಮತ್ತು ಟೋಪಿಯ ಹೊಲಿಗೆಗೆ ಮಾತ್ರ ಟೇಪ್ ಹಾಕಿರುತ್ತಾರೆ. ನಡೆಯುವವರಿಗೆ ಅದೂ ಸಾಕಾಗುತ್ತದೆ. ಆದರೆ ಅದನ್ನು ‘ಭುಜ, ಟೋಪಿಯ ಹೊಲಿಗೆಗೆ ಟೇಪ್ ಇದೆ’ ಅಂತಲೇ ಬರೆಯಿರಿ. ಬಟ್ಟೆಯ ಮೇಲೆ ನೀರು ಮಣಿಯಾಗಿ ಉರುಳುತ್ತದೆ ಅಂದ ಮಾತ್ರಕ್ಕೆ ಪ್ರೂಫ್ ಅಲ್ಲ. ಅದು ಮೇಲೆ ಸಿಂಪಡಿಸಿದ ಲೇಪದ ಕೆಲಸ. ಕೋಟಿಂಗ್ ಇಲ್ಲದ ತೆಳು ಗಾಳಿಕೋಟಿನ ಮೇಲೂ ಹೊಸತರಲ್ಲಿ ಹಾಗೇ ಉರುಳುತ್ತದೆ.

ಎಷ್ಟು ಎಂಎಂ ಇದ್ದರೆ ಸಾಕು ಅಂತ ಎಲ್ಲರೂ ಕೇಳುತ್ತಾರೆ. ಮೇಲಿಂದ ಬೀಳುವ ಮಳೆಯ ಒತ್ತಡ ತುಂಬಾ ಕಡಿಮೆ. ಕಷ್ಟ ಬರುವುದು ಒದ್ದೆ ಬಟ್ಟೆಯ ಮೇಲೆ ಮೈಭಾರ ಬಿದ್ದಾಗ. ಲೆಕ್ಕ ಸುಲಭ: ಒಂದು ಚದರ ಸೆಂಟಿಮೀಟರ್ ಮೇಲೆ ಒಂದು ಕೆಜಿ ಭಾರ ಬಿದ್ದರೆ ಅದು 10,000 ಎಂಎಂ ನೀರಿನ ಒತ್ತಡಕ್ಕೆ ಸಮ. ಒದ್ದೆ ನೆಲದಲ್ಲಿ ಮಂಡಿಯೂರಿದಾಗ 35 ಕೆಜಿ ಭಾರ ಸುಮಾರು 50 ಚದರ ಸೆಂಟಿಮೀಟರ್ ಜಾಗದ ಮೇಲೆ ಬಿತ್ತು ಅನ್ನಿ. ಅಲ್ಲಿಗೆ 7000 ಎಂಎಂ ಆಯಿತು. 5000 ಎಂಎಂ ಪ್ಯಾಂಟು ಮಳೆಯಲ್ಲಿ ನಡೆಯುವಾಗ ಆರಾಮವಾಗಿದ್ದು, ಮಂಡಿಯೂರಿದ ಕಡೆ ಮಾತ್ರ ಒದ್ದೆಯಾಗಬಹುದು. ಅದಕ್ಕೇ ಮಳೆಪ್ಯಾಂಟಿನ ವಿವರಣೆಯಲ್ಲಿ ‘ಒದ್ದೆ ಸೀಟಿನ ಮೇಲೆ ತುಂಬಾ ಹೊತ್ತು ಕೂತರೆ, ಮಂಡಿಯೂರಿದರೆ ತೇವ ಬರಬಹುದು’ ಅಂತ ಒಂದು ಸಾಲು ಇರಲಿ. ಅಂಕಿ ಕಡಿಮೆ ಇರುವ ಸರಕಿಗಂತೂ ಬೇಕೇ ಬೇಕು.

ರೇನ್‌ಕೋಟಿನ ದೂರುಗಳಲ್ಲಿ ಇನ್ನೊಂದು ಬಗೆ ಇದೆ, ಅದು ಸೋರಿಕೆಯೇ ಅಲ್ಲ. ನೀರು ಬಿಡದ ಬಟ್ಟೆ ಬೆವರಿನ ಆವಿಯನ್ನೂ ಸುಲಭವಾಗಿ ಬಿಡುವುದಿಲ್ಲ. ಆವಿ ಒಳಮೈಗೆ ತಾಗಿ ತಣ್ಣಗಾಗಿ ನೀರಾಗುತ್ತದೆ. ಗಾಳಿಯಾಡುವ ಪೊರೆ ಇರುವ ಕೋಟಿನಲ್ಲೂ, ಹೊರಮೈಯ ಲೇಪ ಸವೆದು ಬಟ್ಟೆ ನೀರು ಕುಡಿದರೆ ಇದೇ ಕತೆ. ಗಿರಾಕಿ ಫೋಟೊ ಕಳಿಸಿದಾಗ ಒದ್ದೆ ಎಲ್ಲಿದೆ ನೋಡಿ. ಬೆನ್ನು, ಕಂಕುಳ, ಮೊಣಕೈ ಸುತ್ತ ಒಂದೇ ಸಮನಾಗಿ ಹರಡಿದ್ದರೆ ಬೆವರು. ಹೊಲಿಗೆಯ ಉದ್ದಕ್ಕೆ ಗೆರೆಯಾಗಿ, ಇಲ್ಲವೇ ಜಿಪ್ಪಿನ ಕೆಳಗೆ ಪಟ್ಟೆಯಾಗಿ ಇದ್ದರೆ ಸೋರಿಕೆ. ಮಣಿಕಟ್ಟಿನಿಂದ ಮೇಲಕ್ಕೆ ಹೋಗಿದ್ದರೆ ತೋಳಿನ ಬಾಯಿಂದ ನೀರು ಹರಿದಿದೆ. ಬೆವರಿನ ವಿಷಯವನ್ನು ವಿವರಣೆಯಲ್ಲೇ ಹೇಳಿ: ‘ಜೋರಾಗಿ ನಡೆದಾಗ, ಸೈಕಲ್ ತುಳಿದಾಗ ಒಳಗಡೆ ಬೆವರಿನ ತೇವ ಕಾಣಬಹುದು.’ ಪ್ಲಾಸ್ಟಿಕ್ ಕೋಟಿಗೆ ಇದನ್ನು ಬರೆಯದೇ ಇದ್ದರೆ ಪೂರ್ತಿ ವಾಟರ್‌ಪ್ರೂಫ್ ಕೋಟೂ ‘ಸೋರುತ್ತದೆ’ ಅನ್ನಿಸಿಕೊಂಡು ವಾಪಸ್ ಬರುತ್ತದೆ. ಪಾಪ, ಅದರ ತಪ್ಪೇನೂ ಇಲ್ಲ.

ವಾಚಿನ ವಿಷಯದಲ್ಲಿ ನನ್ನ ಮಾತು ಗಟ್ಟಿ: ‘ವಾಟರ್‌ಪ್ರೂಫ್’ ಪದವನ್ನು ಬಳಸಲೇಬೇಡಿ. ಸಾಧಾರಣ ವಾಚುಗಳ ಮಾನದಂಡ ಐಎಸ್‌ಒ 22810 ಕೂಡ ‘ವಾಟರ್ ರೆಸಿಸ್ಟೆಂಟ್’ ಅಂತಲೇ ಹೇಳುತ್ತದೆ. ಒಳ್ಳೆಯ ವಾಚಿನ ಹಿಂಬದಿಯ ಮುಚ್ಚಳದಲ್ಲೂ ಅದೇ ಕೆತ್ತಿರುತ್ತದೆ. ಕಂಪನಿಯೇ ಹೇಳದ ಮಾತನ್ನು ನೀವು ಯಾಕೆ ತಲೆಮೇಲೆ ಹೊರಬೇಕು?

ಗಲಿಬಿಲಿ ಆಗುವುದು ಮೀಟರಿನಿಂದ. ‘30 ಮೀಟರ್’ ಅಂತ ನೋಡಿದವರು 30 ಮೀಟರ್ ಆಳಕ್ಕೆ ಹಾಕಿಕೊಂಡು ಹೋಗಬಹುದು ಅಂದುಕೊಳ್ಳುತ್ತಾರೆ. ಅದು ಪರೀಕ್ಷೆಯ ಒತ್ತಡ, 3 ಬಾರ್. ಹೊಸ ವಾಚಿಗೆ, ಅಲುಗಾಡದೆ, ಸ್ವಲ್ಪ ಹೊತ್ತು ಕೊಟ್ಟ ಒತ್ತಡ. ಈ ಮಾನದಂಡದಲ್ಲಿ ಪ್ರತಿಯೊಂದು ವಾಚನ್ನೂ ಪರೀಕ್ಷಿಸಬೇಕು ಅಂತಲೂ ಇಲ್ಲ, ಮಾದರಿಗೆ ಕೆಲವನ್ನು ತೆಗೆದುಕೊಂಡರೂ ನಡೆಯುತ್ತದೆ. ಡೈವರ್‌ಗಳ ವಾಚಿನ ಮಾನದಂಡ ಬೇರೆ, ಐಎಸ್‌ಒ 6425. ಅದರಲ್ಲಿ ಕನಿಷ್ಠ 100 ಮೀಟರ್ ಇರಬೇಕು, ಬರೆದ ಆಳಕ್ಕಿಂತ ಶೇಕಡಾ 25 ಹೆಚ್ಚು ಒತ್ತಡದಲ್ಲಿ ಪ್ರತಿಯೊಂದು ವಾಚೂ ಪಾಸಾಗಬೇಕು. ಹಾಗಾಗಿ ‘200 ಮೀಟರ್ ವಾಟರ್ ರೆಸಿಸ್ಟೆಂಟ್’ ಅಂತ ಇದ್ದ ಮಾತ್ರಕ್ಕೆ ಅದನ್ನು ಡೈವಿಂಗ್ ವಾಚ್ ಅಂತ ಕರೆಯಬೇಡಿ. ವಾಚಿನ ಮೇಲೆ ‘ಡೈವರ್ಸ್’ ಅಂತ ಇದ್ದು, ಕಂಪನಿ ಈ ಮಾನದಂಡದ ಹೆಸರು ಹೇಳಿದರೆ ಮಾತ್ರ ಸರಿ.

ಇಲ್ಲಿ ಒಂದು ತಪ್ಪು ಕಾರಣ ಎಲ್ಲ ಕಡೆ ಓಡಾಡುತ್ತಿದೆ. ಈಜುವಾಗ ಕೈ ಬೀಸುವುದರಿಂದ ಒತ್ತಡ ಹತ್ತಾರು ಮೀಟರಿನಷ್ಟು ಏರುತ್ತದೆ, ಅದಕ್ಕೇ 30 ಮೀಟರ್ ಸಾಲದು ಅಂತಾರೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಹೆಚ್ಚಾಗುವ ಒತ್ತಡ ಒಂದೂಕಾಲು ಮೀಟರ್ ನೀರಿನಷ್ಟೇ. ನಿಜವಾದ ತೊಂದರೆ ಬೇರೆ ಕಡೆ ಇದೆ. ಒಳಗಿನ ರಬ್ಬರ್ ಉಂಗುರಗಳು ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಿಸಿನೀರಿನ ಸ್ನಾನದ ನಂತರ ತಣ್ಣೀರು ತಾಗಿದರೆ ಲೋಹ, ಗಾಜು, ರಬ್ಬರ್ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಸೋಪು ಆ ಸಂದಿಗಳಲ್ಲಿ ಇಳಿಯುತ್ತದೆ. ಮುಳ್ಳು ತಿರುಗಿಸುವ ಕ್ರೌನನ್ನು ಯಾರೋ ಹೊರಗೆ ಎಳೆದು ಹಾಗೇ ಬಿಟ್ಟಿರುತ್ತಾರೆ. ಬ್ಯಾಟರಿ ಬದಲಿಸಿದವರು ಉಂಗುರವನ್ನು ಸೊಟ್ಟ ಕೂರಿಸಿರುತ್ತಾರೆ. ಇವುಗಳ ಮುಂದೆ ಕೈ ಬೀಸಿದ್ದು ಲೆಕ್ಕಕ್ಕಿಲ್ಲ. ಅಷ್ಟಾಗಿಯೂ, ಸಾಮಾನ್ಯ ಸಲಹೆ ತಪ್ಪಲ್ಲ: 30 ಮೀಟರಿಗೆ ಕೈ ತೊಳೆಯುವುದು, ಮಳೆ ಹನಿ, 50ಕ್ಕೆ ಹಗುರ ಈಜು, 100ಕ್ಕೆ ಚೆನ್ನಾಗಿ ಈಜು. ಕಂಪನಿ ತನ್ನದೇ ಪಟ್ಟಿ ಕೊಟ್ಟಿದ್ದರೆ ಅದನ್ನೇ ಬರೆಯಿರಿ, ಇದನ್ನಲ್ಲ.

ವಾಚಿನ ವಿವರಣೆ ಹೀಗಿರಲಿ: ‘ವಾಟರ್ ರೆಸಿಸ್ಟೆಂಟ್, 3 ಬಾರ್ (30 ಮೀಟರ್ ಅನ್ನುವುದು ಪರೀಕ್ಷೆಯ ಒತ್ತಡ, ಮುಳುಗುವ ಆಳವಲ್ಲ). ಕೈ ತೊಳೆಯುವಾಗ, ಮಳೆಯಲ್ಲಿ ತೊಂದರೆಯಿಲ್ಲ. ಸ್ನಾನಕ್ಕೆ, ಈಜಿಗೆ ಬೇಡ. ಕ್ರೌನ್ ಒಳಗೆ ಒತ್ತಿರಬೇಕು. ಬ್ಯಾಟರಿ ಬದಲಿಸಿದಾಗ ನೀರಿನ ಪರೀಕ್ಷೆ ಮಾಡಿಸಿ.’ ಸ್ನಾನದ ಮಾತು ಬಿಡಬೇಡಿ. ಈಜುವುದಿಲ್ಲ ಅನ್ನುವವರೂ ಸ್ನಾನಕ್ಕೆ ಹಾಕಿಕೊಂಡೇ ಹೋಗುತ್ತಾರೆ.

ಸಪ್ಲೈಯರ್ ‘ಟೆಸ್ಟ್ ಆಗಿದೆ’ ಅಂದರೆ ರಿಪೋರ್ಟ್ ತರಿಸಿಕೊಳ್ಳಿ. ಅದರಲ್ಲಿ ಪರೀಕ್ಷಿಸಿದ ವಸ್ತು ಯಾವುದು ಅನ್ನುವ ಸಾಲನ್ನು ಮೊದಲು ಓದಿ. ‘ಬಟ್ಟೆಯ ಮಾದರಿ’ ಅಂತ ಇದ್ದರೆ ಅದು ಬಟ್ಟೆಗೆ ಮಾತ್ರ. ಮಾಡೆಲ್ ನಂಬರ್ ನಿಮ್ಮ ಮಾಲಿನದೇ ಅಂತ ಹೊಂದಿಸಿ ನೋಡಿ. ರೇನ್‌ಕೋಟಾದರೆ ಒಗೆಯುವ ಮೊದಲಿನ ಅಂಕಿಯೋ, ಒಗೆದ ಮೇಲಿನದೋ ಅಂತ ಕೇಳಿ. ಮೊದಲಿನದಷ್ಟೇ ಇದ್ದರೆ ವಿವರಣೆಯಲ್ಲಿ ‘ಹೊಸದಾಗಿದ್ದಾಗ’ ಅಂತ ಸೇರಿಸಿ.

ಕೊನೆಯದಾಗಿ, ಪದ ಸರಿಮಾಡಿ ಫೋಟೊ ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. 30 ಮೀಟರ್ ವಾಚನ್ನು ನೀರಿನ ಗುಳ್ಳೆಗಳ ನಡುವೆ ತೋರಿಸಬೇಡಿ. ಟೇಪ್ ಇಲ್ಲದ ಬ್ಯಾಗಿನ ಮೇಲೆ ಬಕೆಟ್ ಸುರಿಯುವ ಚಿತ್ರ ಬೇಡ. ಸಪ್ಲೈಯರ್ ಕೊಟ್ಟ ಚಿತ್ರದ ಮೂಲೆಯಲ್ಲಿ ‘ವಾಟರ್‌ಪ್ರೂಫ್’ ಅಂತ ಅಚ್ಚಾಗಿದ್ದರೆ ಕತ್ತರಿಸಿ ತೆಗೆಯಿರಿ. ಹುಡುಕಾಟದ ಟ್ಯಾಗಿನಲ್ಲಿ ಆ ಪದ ಉಳಿದಿದೆಯೇ ಅಂತಲೂ ನೋಡಿಬಿಡಿ. ಬದಲಿಗೆ ಒಳಮೈ ಹೊರಗೆ ಮಾಡಿದ ಬ್ಯಾಗಿನ ಹೊಲಿಗೆಯ ಒಂದು ಹತ್ತಿರದ ಫೋಟೊ, ಕೋಟಿನ ಟೇಪಿನ ಒಂದು, ವಾಚಿನ ಹಿಂಬದಿಯ ಕೆತ್ತನೆಯ ಒಂದು ಹಾಕಿ.